ನೌಕರರ ರೆಫರಲ್ ನೀತಿ: ಫೌಂಡ್ರಿ ಮತ್ತು ಮಷಿನ್ ಶಾಪ್, ಉದ್ಯಮಬಾಗ, ಬೆಳಗಾವಿ

ಜಾರಿ ದಿನಾಂಕ: 1 ಜುಲೈ 2025. ಇದಕ್ಕೂ ಮೊದಲು ಬಾಯಿಮಾತಿನಲ್ಲಿ ನಡೆದ ಶಿಫಾರಸುಗಳಿಗೆ ಈ ನೀತಿ ಅನ್ವಯಿಸುವುದಿಲ್ಲ. ಇದರ ಕನ್ನಡ ಮತ್ತು ಮರಾಠಿ ಪ್ರತಿಗಳು ಟೈಮ್ ಆಫೀಸಿನಲ್ಲಿ ಸಿಗುತ್ತವೆ. ಎರಡರ ನಡುವೆ ಅರ್ಥಭೇದ ಕಂಡರೆ ಕನ್ನಡ ಪ್ರತಿಯದೇ ಅಂತಿಮ.

1. ರೆಫರಲ್ ಎಂದರೆ ಏನು, ಏನಲ್ಲ

ಖಾಲಿ ಇರುವ ಹುದ್ದೆಗೆ ತಕ್ಕ ವ್ಯಕ್ತಿಯ ಹೆಸರನ್ನು ನಮ್ಮ ನೌಕರ ಲಿಖಿತವಾಗಿ ಸೂಚಿಸುವುದು ರೆಫರಲ್. ಅಭ್ಯರ್ಥಿಯನ್ನು ಪರೀಕ್ಷೆಯವರೆಗೆ ತಲುಪಿಸುವುದಷ್ಟೇ ಇದರ ಕೆಲಸ. ಆಯ್ಕೆಯಾಗುವುದು ಪರೀಕ್ಷೆ ಮತ್ತು ಸಂದರ್ಶನದಿಂದ. "ನಾನು ಹೇಳಿದ್ದೇನೆ, ಕೆಲಸ ಆಯಿತು ಅಂತ ತಿಳಿ" ಎಂದು ಯಾರಿಗೂ ಭರವಸೆ ಕೊಡಬಾರದು. ಆ ಮಾತು ನಂಬಿ ಹಳೆಯ ಕೆಲಸ ಬಿಟ್ಟು ಬಂದವರಿಗೆ ಆಗುವ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ಖಾಲಿ ಹುದ್ದೆಗಳ ಪಟ್ಟಿಯನ್ನು ಪ್ರತಿ ಸೋಮವಾರ ಕ್ಯಾಂಟೀನ್ ಫಲಕಕ್ಕೆ ಹಚ್ಚಲಾಗುತ್ತದೆ. ಪ್ರತಿ ಹುದ್ದೆಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇಲ್ಲದ ಶಿಫಾರಸಿಗೆ ಬಹುಮಾನ ಇಲ್ಲ.

2. ಯಾರು ಶಿಫಾರಸು ಮಾಡಬಹುದು

ಕಾಯಂ ನೌಕರರೆಲ್ಲರೂ ಮಾಡಬಹುದು. ಪ್ರೊಬೇಷನ್‌ನಲ್ಲಿ ಇರುವವರು ಸೇರಿದ 60 ದಿನಗಳ ನಂತರ ಮಾಡಬಹುದು. ಹೆರಿಗೆ ರಜೆ ಅಥವಾ ಇಎಸ್‌ಐ ವೈದ್ಯಕೀಯ ರಜೆಯಲ್ಲಿ ಇರುವವರ ಹಕ್ಕಿಗೂ ಧಕ್ಕೆ ಇಲ್ಲ.

ಗುತ್ತಿಗೆದಾರರ ಕಡೆಯ ಕಾರ್ಮಿಕರು ಮತ್ತು ಅಪ್ರೆಂಟಿಸ್‌ಗಳು ಸಹ ಹೆಸರು ಕೊಡಬಹುದು. ಗುತ್ತಿಗೆ ಕಾರ್ಮಿಕರಿಗೆ ಕಂಪನಿ ನೇರವಾಗಿ ಹಣ ಕೊಡುವುದಿಲ್ಲ. ಅವರ ಪಗಾರ ಕೊಡುವವನು ಗುತ್ತಿಗೆದಾರ. ಹೀಗಾಗಿ ಬಹುಮಾನವೂ ಅವನ ಪಗಾರ ಚೀಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕು. ಆ ಚೀಟಿಯ ಪ್ರತಿ ಕೊಟ್ಟ ಮೇಲೆ ಕಂಪನಿ ಗುತ್ತಿಗೆದಾರನಿಗೆ ಅದನ್ನು ತುಂಬಿಕೊಡುತ್ತದೆ. ಗುತ್ತಿಗೆದಾರ ಇದರಲ್ಲಿ ಕಮಿಷನ್ ಹಿಡಿಯುವಂತಿಲ್ಲ.

ಬಹುಮಾನ ಸಿಗದವರು: ನಿರ್ದೇಶಕರು, ಎಚ್.ಆರ್. ಮತ್ತು ಟೈಮ್ ಆಫೀಸ್ ಸಿಬ್ಬಂದಿ, ಆ ಹುದ್ದೆಯ ಆಯ್ಕೆ ಸಮಿತಿಯಲ್ಲಿ ಇರುವವರು, ಮತ್ತು ತಮ್ಮದೇ ವಿಭಾಗಕ್ಕೆ ಜನ ತರುವ ವಿಭಾಗ ಮುಖ್ಯಸ್ಥರು. ಮುಖ್ಯಸ್ಥರು ಬೇರೆ ವಿಭಾಗದ ಹುದ್ದೆಗೆ ಹೆಸರು ಕೊಟ್ಟರೆ ಉಳಿದವರಂತೆ ಬಹುಮಾನ ಸಿಗುತ್ತದೆ.

3. ಯಾವ ಅಭ್ಯರ್ಥಿ ಲೆಕ್ಕಕ್ಕೆ ಬರುತ್ತಾನೆ

ಕಳೆದ 6 ತಿಂಗಳಲ್ಲಿ ತಾನೇ ಅರ್ಜಿ ಹಾಕಿದವರು, ಏಜೆನ್ಸಿ ಅಥವಾ ಕ್ಯಾಂಪಸ್ ಮೂಲಕ ನಮ್ಮ ಕಡತಕ್ಕೆ ಬಂದವರು ಲೆಕ್ಕಕ್ಕೆ ಇಲ್ಲ. ನಮ್ಮಲ್ಲೇ ಅಪ್ರೆಂಟಿಸ್ ಆಗಿದ್ದವರನ್ನು ಶಿಫಾರಸು ಮಾಡಿದರೂ ಹಣ ಬರುವುದಿಲ್ಲ, ಅವರ ಕೆಲಸ ನಾವೇ ನೋಡಿರುತ್ತೇವೆ. ಕೆಲಸ ಬಿಟ್ಟು ಹೋದ ಹಳೆಯ ನೌಕರ 12 ತಿಂಗಳ ನಂತರ ಮರಳಿದರೆ ರೆಫರಲ್ ಎಂದೇ ಪರಿಗಣಿಸುತ್ತೇವೆ. ಶಿಸ್ತುಕ್ರಮದಲ್ಲಿ ಹೋದವರಿಗೆ ಇದು ಅನ್ವಯಿಸುವುದಿಲ್ಲ.

18 ವರ್ಷ ತುಂಬದವರ ಹೆಸರು ಬೇಡ. ಊರಿನಿಂದ ತಮ್ಮನನ್ನು ಕರೆತಂದು "ಹದಿನೆಂಟು ಆಗೇತಿ" ಎಂದರೆ ಸಾಲದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ನೋಡದೆ ಗೇಟ್ ಪಾಸ್ ಕೊಡುವುದಿಲ್ಲ.

4. ಚೀಟಿ ಕೊಡುವ ಕ್ರಮ

ಟೈಮ್ ಆಫೀಸಿನಲ್ಲಿ ರೆಫರಲ್ ಚೀಟಿ ಸಿಗುತ್ತದೆ. ಅದರಲ್ಲಿ ಹುದ್ದೆ ಸಂಖ್ಯೆ, ಅಭ್ಯರ್ಥಿಯ ಹೆಸರು, ಮೊಬೈಲ್, ಈಗಿನ ಕೆಲಸ, ನಿಮಗೂ ಅವರಿಗೂ ಇರುವ ಸಂಬಂಧ, ಎಷ್ಟು ಕಾಲದ ಪರಿಚಯ ಎಂಬುದನ್ನು ಬರೆಯಿರಿ. ಅಭ್ಯರ್ಥಿಯ ಸಹಿ ಕಡ್ಡಾಯ. ಅವರ ಒಪ್ಪಿಗೆ ಇಲ್ಲದೆ ಅವರ ವಿವರವನ್ನು ನಮ್ಮ ಕೈಗೆ ಕೊಡುವಂತಿಲ್ಲ. ಕಾಗದ ಮುಟ್ಟಿದ ದಿನಾಂಕ, ಗಂಟೆಯ ಮುದ್ರೆ ಒತ್ತಿ ಹಳದಿ ಪ್ರತಿಯನ್ನು ನಿಮಗೆ ಮರಳಿಸುತ್ತಾರೆ. ಬಹುಮಾನ ಕೇಳುವಾಗ ಇದೇ ದಾಖಲೆ, ಜೋಪಾನವಾಗಿ ಇಡಿ.

ಸೂಪರ್‌ವೈಸರ್ ಮೊಬೈಲಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಚೀಟಿಯಲ್ಲ. ಬಹುಮಾನದ ತಕರಾರು ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ: ಬಯೋಡೇಟಾ ಮೂವರು ಕಳಿಸಿರುತ್ತಾರೆ, ಚೀಟಿ ಯಾರೂ ತುಂಬಿರುವುದಿಲ್ಲ. ಒಬ್ಬರೇ ಅಭ್ಯರ್ಥಿಗೆ ಎರಡು ಚೀಟಿ ಬಂದರೆ ಮುದ್ರೆಯ ಗಂಟೆ ನೋಡಿ ಮೊದಲನೆಯವರಿಗೆ ಪೂರ್ತಿ ಬಹುಮಾನ. ಹಂಚುವುದಿಲ್ಲ.

ಒಮ್ಮೆ ದಾಖಲಾದ ಚೀಟಿ 6 ತಿಂಗಳು ಜೀವಂತ. ಆ ಅವಧಿಯಲ್ಲಿ ಅದೇ ವ್ಯಕ್ತಿಯನ್ನು ಬೇರೆ ಹುದ್ದೆಗೆ ತೆಗೆದುಕೊಂಡರೂ ಹಕ್ಕು ನಿಮ್ಮದೇ. ಆಯ್ಕೆಯಾಗದವರ ಬಯೋಡೇಟಾವನ್ನು 6 ತಿಂಗಳ ನಂತರ ನಾಶಪಡಿಸುತ್ತೇವೆ. ಅಭ್ಯರ್ಥಿ ಏಕೆ ಆಯ್ಕೆಯಾಗಲಿಲ್ಲ ಎಂಬ ವಿವರವನ್ನು ಅವರಿಗೆ ಮಾತ್ರ ಹೇಳುತ್ತೇವೆ, ಶಿಫಾರಸು ಮಾಡಿದವರಿಗೆ ಅಲ್ಲ.

5. ಬಹುಮಾನದ ಮೊತ್ತ

- ಹೆಲ್ಪರ್, ಫೆಟ್ಲಿಂಗ್, ಪ್ಯಾಕಿಂಗ್: ₹3,000
- ಸಿಎನ್‌ಸಿ ಮತ್ತು ವಿಎಂಸಿ ಆಪರೇಟರ್, ಮೋಲ್ಡರ್, ಕೋರ್ ಮೇಕರ್, ಎಲೆಕ್ಟ್ರಿಷಿಯನ್: ₹8,000
- ಸೆಟ್ಟರ್, ಫರ್ನೇಸ್ ಆಪರೇಟರ್, ಪ್ಯಾಟರ್ನ್ ಮೇಕರ್, ಕ್ವಾಲಿಟಿ ಇನ್‌ಸ್ಪೆಕ್ಟರ್: ₹15,000
- ಇಂಜಿನಿಯರ್ ಮತ್ತು ಮೇಲಿನ ಹುದ್ದೆಗಳು: ₹20,000

ಮೊತ್ತ ನಿರ್ಧಾರವಾಗುವುದು ನೇಮಕಾತಿ ಪತ್ರದಲ್ಲಿರುವ ಹುದ್ದೆಯಿಂದ. ಸೆಟ್ಟರ್ ಎಂದು ಚೀಟಿ ಕೊಟ್ಟಿರಿ, ಪರೀಕ್ಷೆಯಲ್ಲಿ ಅವರು G54 ಆಫ್‌ಸೆಟ್ ಹಾಕಲು ತಡವರಿಸಿದರು, ಆಪರೇಟರ್ ಎಂದು ತೆಗೆದುಕೊಂಡೆವು ಅನ್ನಿ, ಆಗ ₹8,000 ಮಾತ್ರ. ಬಹುಮಾನ ಪಗಾರದ ಭಾಗವಾಗಿ ಬ್ಯಾಂಕ್ ಖಾತೆಗೇ ಬರುತ್ತದೆ, ಆದಾಯ ತೆರಿಗೆ ಅನ್ವಯಿಸುವವರಿಗೆ ಕಡಿತವಾಗುತ್ತದೆ. ನಗದು ಇಲ್ಲ, ಮುಂಗಡ ಇಲ್ಲ.

6. ಹಣ ಯಾವಾಗ

₹3,000 ಬಹುಮಾನ 90 ದಿನ ತುಂಬಿದ ಮೇಲೆ ಒಂದೇ ಗಂಟಿನಲ್ಲಿ. ಉಳಿದೆಲ್ಲ ಎರಡು ಕಂತು: 90ನೇ ದಿನಕ್ಕೆ ಶೇ. 40, 180ನೇ ದಿನಕ್ಕೆ ಶೇ. 60. ಸೇರಿದ ದಿನವೇ ಮೊದಲ ದಿನ.

ಎರಡನೇ ಕಂತು ಏಕೆ ದೊಡ್ಡದು ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಹೊಸಬರು ಬಿಟ್ಟು ಹೋಗುವುದು ಎರಡು ಹೊತ್ತಿನಲ್ಲಿ. ಫೌಂಡ್ರಿಯ ಕಾವು, ಧೂಳು ತಾಳದವರು ಮೊದಲ ವಾರಗಳಲ್ಲೇ ಹೋಗುತ್ತಾರೆ. ಅದನ್ನು ದಾಟಿದವರಲ್ಲಿ ಕೆಲವರು ಕಬ್ಬಿನ ಹಂಗಾಮು ಶುರುವಾದಾಗ ಊರಿಗೆ ಹೋಗಿ ತಿರುಗಿ ಬರುವುದಿಲ್ಲ. 90 ದಿನಕ್ಕೇ ಪೂರ್ತಿ ಹಣ ಕೊಟ್ಟರೆ ಈ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಪಗಾರದ ತಿಂಗಳು 26ರಿಂದ ಮುಂದಿನ 25ರವರೆಗೆ, ಜಮೆ ನಂತರದ ತಿಂಗಳ 7ರೊಳಗೆ. ಉದಾಹರಣೆಗೆ, 2025ರ ಆಗಸ್ಟ್ 4ರಂದು ವಿಎಂಸಿ ಆಪರೇಟರ್ ಸೇರಿದರು. 90ನೇ ದಿನ ನವೆಂಬರ್ 1, ಹಾಗಾಗಿ ₹3,200 ನವೆಂಬರ್ ಪಗಾರದಲ್ಲಿ, ಅಂದರೆ ಡಿಸೆಂಬರ್ 7ರೊಳಗೆ ಜಮೆ. 180ನೇ ದಿನ 2026ರ ಜನವರಿ 30. ಅದು 25ನ್ನು ದಾಟಿದ್ದರಿಂದ ₹4,800 ಫೆಬ್ರವರಿ ಪಗಾರಕ್ಕೆ ಹೋಗಿ ಮಾರ್ಚ್ 7ರೊಳಗೆ ಬರುತ್ತದೆ. "ಜನವರಿಯಲ್ಲೇ ಆರು ತಿಂಗಳಾಯಿತಲ್ಲ" ಎಂದು ಕೇಳುವ ಮೊದಲು ಈ 25ರ ಗೆರೆ ನೋಡಿ.

ವಾರದ ರಜೆ, ಹಬ್ಬದ ರಜೆ, ಪಗಾರ ಸಹಿತ ರಜೆ, ಇಎಸ್‌ಐ ರಜೆ, ಕೆಲಸದಲ್ಲಿ ಆದ ಗಾಯದ ರಜೆ ಎಲ್ಲವೂ ಎಣಿಕೆಗೆ ಸೇರುತ್ತವೆ. ಹೇಳದೆ ಗೈರಾದ ದಿನಗಳು ಸೇರುವುದಿಲ್ಲ, ಅಷ್ಟು ದಿನ ಗಡುವು ಮುಂದೆ ಹೋಗುತ್ತದೆ.

ಅಭ್ಯರ್ಥಿ 100ನೇ ದಿನಕ್ಕೆ ಬಿಟ್ಟರೆ ಮೊದಲ ಕಂತು ನಿಮ್ಮದೇ, ಎರಡನೆಯದು ಇಲ್ಲ. ಕೊಟ್ಟ ಕಂತನ್ನು ವಾಪಸ್ ಕೇಳುವುದಿಲ್ಲ. ಕೆಲಸ ಕಡಿಮೆಯಾಗಿ ಕಂಪನಿಯೇ ಅವರನ್ನು ತೆಗೆದರೆ ಬಾಕಿ ಕಂತನ್ನೂ ಕೊಡುತ್ತೇವೆ. ಶಿಫಾರಸು ಮಾಡಿದ ನೀವೇ ರಾಜೀನಾಮೆ ಕೊಟ್ಟರೆ, ಕೊನೆಯ ದಿನದೊಳಗೆ ಗಡುವು ತುಂಬಿದ ಕಂತು ಮಾತ್ರ ಅಂತಿಮ ಲೆಕ್ಕದಲ್ಲಿ ಬರುತ್ತದೆ. ನಿವೃತ್ತರಿಗೆ ಮತ್ತು ತೀರಿಕೊಂಡವರ ನಾಮಿನಿಗೆ ಪೂರ್ತಿ ಸಲ್ಲುತ್ತದೆ.

7. ಹಿತಾಸಕ್ತಿ ಸಂಘರ್ಷ

ಸಂಬಂಧಿಕರನ್ನು ಶಿಫಾರಸು ಮಾಡುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು.

ಸಂಬಂಧಿಕರು ಎಂದರೆ ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, ಕಾಕಾ, ಚಿಕ್ಕಮ್ಮ, ಸೋದರಮಾವ, ಸೋದರತ್ತೆ ಮತ್ತು ಇವರ ಮಕ್ಕಳು, ಅತ್ತೆ ಮಾವ, ಅಳಿಯ, ಸೊಸೆ, ಭಾವ, ಮೈದುನ, ನಾದಿನಿ, ಬೀಗರು. ನಿಶ್ಚಯವಾದ ಸಂಬಂಧವೂ ಸೇರಿತು. ರಕ್ತಸಂಬಂಧ ಇಲ್ಲದಿದ್ದರೂ ಚೀಟಿಯಲ್ಲಿ ಬರೆಯಬೇಕಾದವು ಮೂರು: ಅಭ್ಯರ್ಥಿಯೊಂದಿಗೆ ಸಾಲದ ವ್ಯವಹಾರ ಅಥವಾ ಒಂದೇ ಭಿಶಿ, ಜಂಟಿ ಧಂದೆ, ಮತ್ತು ಅವರು ನಿಮ್ಮ ಮನೆಯಲ್ಲಿ ಬಾಡಿಗೆಗೆ ಇರುವುದು. ಬಾಡಿಗೆ ಮತ್ತು ಸಾಲ ಹೊಸಬರನ್ನು ಶಿಫಾರಸು ಮಾಡಿದವರ ಹಂಗಿನಲ್ಲಿ ಇಡುತ್ತವೆ. ಮುಂದೆ ಅವರ ತಪ್ಪನ್ನು ಇವರು, ಇವರ ತಪ್ಪನ್ನು ಅವರು ಹೇಳುವುದಿಲ್ಲ.

ಸಂಬಂಧ ಇರುವಲ್ಲಿ ಪಾಲಿಸಬೇಕಾದವು:

ಒಬ್ಬರು ಇನ್ನೊಬ್ಬರ ಹಾಜರಿ, ಓವರ್‌ಟೈಮ್, ಇನ್‌ಕ್ರಿಮೆಂಟ್ ಬರೆಯುವ ಜಾಗದಲ್ಲಿ ಇರಬಾರದು. ಆಪರೇಟರ್ ಮತ್ತು ಅವರ ಪೀಸ್ ಪಾಸ್ ಮಾಡುವ ಇನ್‌ಸ್ಪೆಕ್ಟರ್ ಸಂಬಂಧಿಕರಾಗಿದ್ದರೆ ಶಿಫ್ಟ್ ಬೇರೆ ಮಾಡುತ್ತೇವೆ. ಬೋರ್ 0.02 ಮಿ.ಮೀ. ಹೆಚ್ಚಾದ ಪೀಸನ್ನು "ಇರಲಿ ಬಿಡು" ಎಂದು ಬಿಟ್ಟರೆ ಅದು ಗಿರಾಕಿಯ ಅಸೆಂಬ್ಲಿಯಲ್ಲಿ ಸಿಕ್ಕಿಬೀಳುತ್ತದೆ, ಇಡೀ ಲಾಟ್ ವಾಪಸ್ ಬರುತ್ತದೆ.

ಸ್ಕ್ರ್ಯಾಪ್ ಯಾರ್ಡಿನ ವಿಷಯದಲ್ಲಿ ವಿನಾಯಿತಿಯೇ ಇಲ್ಲ. ಕಾಟಾದಲ್ಲಿ ಲಾರಿ ತೂಗುವವರು, ಮಾಲು ನೋಡಿ ದರ್ಜೆ ಬರೆಯುವವರು, ಬಿಲ್ ಪಾಸ್ ಮಾಡುವವರು, ಈ ಮೂರು ಕಡೆ ಪರಸ್ಪರ ಸಂಬಂಧಿಕರು ಇರುವಂತಿಲ್ಲ, ಶಿಫ್ಟ್ ಬೇರೆಯಾದರೂ ಇಲ್ಲ. ಸ್ಟೋರ್ ಮತ್ತು ಖರೀದಿ ವಿಭಾಗದ ನಡುವೆಯೂ ಇದೇ ನಿಯಮ.

ಖರೀದಿ ಮತ್ತು ಜಾಬ್‌ವರ್ಕ್ ನೋಡುವವರು ನಮಗೆ ಮಾಲು ಕೊಡುವ ಘಟಕಗಳ ಈಗಿನ ನೌಕರರನ್ನು ಶಿಫಾರಸು ಮಾಡಬಾರದು. ಆರ್ಡರ್ ಕೊಡುವ ಕೈಯೇ ಜನರನ್ನೂ ಎಳೆದರೆ ಮರುದಿನ ಮಷಿನಿಂಗ್‌ಗೆ ಹೋದ ಮಾಲು ತಡವಾಗುತ್ತದೆ.

ಶಿಫಾರಸು ಮಾಡಿದವರು ಪರೀಕ್ಷೆಯ ದಿನ ಆ ಮಷಿನ್ ಬಳಿ ಸುಳಿಯಬಾರದು. ಟೆಸ್ಟ್ ಪೀಸಿಗೆ ಹೆಸರು ಹಾಕುವುದಿಲ್ಲ, ನಂಬರ್ ಪಂಚ್ ಇರುತ್ತದೆ. ಅಳೆಯುವವರಿಗೆ ಅದು ಯಾರದೆಂದು ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಒಂದೇ ಊರಿನವರು ಒಂದೇ ಲೈನಿನಲ್ಲಿ ತುಂಬಿದರೆ ಆ ಊರ ಜಾತ್ರೆಯ ದಿನ ಮೋಲ್ಡಿಂಗ್ ನಿಲ್ಲುತ್ತದೆ. ಹಾಗೆಂದು ಊರು ನೋಡಿ ಯಾರನ್ನೂ ತಿರಸ್ಕರಿಸುವುದಿಲ್ಲ, ಆದರೆ ಶಿಫ್ಟ್ ಹಂಚುವಾಗ ಬೇರೆ ಬೇರೆ ಹಾಕುತ್ತೇವೆ. ಜಾತಿ, ಧರ್ಮ, ಭಾಷೆ ಆಯ್ಕೆಯಲ್ಲಿ ಬರಕೂಡದು.

8. ದುಡ್ಡು ತೆಗೆದುಕೊಳ್ಳುವುದು

ಕೆಲಸ ಕೊಡಿಸುತ್ತೇನೆಂದು ಅಭ್ಯರ್ಥಿಯಿಂದ ಹಣ, ಮೊದಲ ಪಗಾರದ ಪಾಲು, ಮೊಬೈಲ್, ಪಾರ್ಟಿ ಯಾವುದನ್ನೂ ಪಡೆಯುವಂತಿಲ್ಲ. ಬಹುಮಾನವನ್ನು ಅಭ್ಯರ್ಥಿಯೊಂದಿಗೆ ಹಂಚಿಕೊಳ್ಳುವ ಒಪ್ಪಂದವೂ ಬೇಡ, ಎಚ್.ಆರ್. ಸಿಬ್ಬಂದಿಗೆ ಪಾಲು ಕೊಡುವುದಂತೂ ದೂರ. ಹೊಸಬರು ಸೇರಿದ ದಿನ ಮತ್ತು 30ನೇ ದಿನ, ಅವರನ್ನು ಶಿಫಾರಸು ಮಾಡಿದವರಿಲ್ಲದ ಕೋಣೆಯಲ್ಲಿ "ಯಾರಾದರೂ ದುಡ್ಡು ಕೇಳಿದರಾ? ಗೇಟಿನಲ್ಲಿ ಕೇಳಿದರಾ?" ಎಂದು ಕೇಳಿ ಬರೆದುಕೊಳ್ಳುತ್ತೇವೆ. ಹೌದು ಎಂದು ಹೇಳಿದ ಕಾರಣಕ್ಕೆ ಅವರ ಕೆಲಸ ಹೋಗುವುದಿಲ್ಲ.

ಹಣ ಪಡೆದದ್ದು, ಸಂಬಂಧ ಮುಚ್ಚಿಟ್ಟದ್ದು, ಸುಳ್ಳು ಅನುಭವ ಪತ್ರ ಗೊತ್ತಿದ್ದೂ ಕೊಟ್ಟದ್ದು ಕಂಡುಬಂದರೆ ಬಾಕಿ ಕಂತುಗಳನ್ನು ತಡೆಹಿಡಿದು ಸ್ಥಾಯಿ ಆದೇಶದಂತೆ ವಿಚಾರಣೆ ನಡೆಸುತ್ತೇವೆ. ಉತ್ತರ ಕೊಡಲು ಅವಕಾಶ ಇದ್ದೇ ಇರುತ್ತದೆ. ಅಭ್ಯರ್ಥಿ ಕೆಲಸದಲ್ಲಿ ಕಳಪೆ ಎನ್ನಿಸಿದ ಮಾತ್ರಕ್ಕೆ ಶಿಫಾರಸು ಮಾಡಿದವರ ಮೇಲೆ ಕ್ರಮ ಇಲ್ಲ, ಅವರನ್ನು ಆಯ್ದವರು ನಾವು.

9. ತಕರಾರು ಮತ್ತು ಬದಲಾವಣೆ

ಬಹುಮಾನ ಬರಲಿಲ್ಲ, ಕಡಿಮೆ ಬಂತು ಎಂದರೆ ಪಗಾರ ಜಮೆಯಾದ 30 ದಿನದೊಳಗೆ ಹಳದಿ ಪ್ರತಿಯೊಂದಿಗೆ ಟೈಮ್ ಆಫೀಸಿಗೆ ಲಿಖಿತ ಅರ್ಜಿ ಕೊಡಿ. ಎಚ್.ಆರ್. ಮುಖ್ಯಸ್ಥರು, ಲೆಕ್ಕಪತ್ರ ಅಧಿಕಾರಿ ಮತ್ತು ಒಬ್ಬ ಕಾರ್ಮಿಕ ಪ್ರತಿನಿಧಿ 15 ಕೆಲಸದ ದಿನಗಳಲ್ಲಿ ಕಾರಣ ಸಹಿತ ಉತ್ತರ ಬರೆದು ಕೊಡುತ್ತಾರೆ. ತಕರಾರು ಎಚ್.ಆರ್. ಮೇಲೆಯೇ ಇದ್ದರೆ ಅವರ ಬದಲು ಘಟಕದ ಮುಖ್ಯಸ್ಥರು ಕೂರುತ್ತಾರೆ.

ಮೊತ್ತ, ಅವಧಿಗಳನ್ನು ಕಂಪನಿ 15 ದಿನ ಮೊದಲು ಫಲಕದಲ್ಲಿ ಹಾಕಿ ಬದಲಿಸಬಹುದು. ಅಷ್ಟರಲ್ಲಿ ಮುದ್ರೆ ಬಿದ್ದ ಚೀಟಿಗಳಿಗೆ ಹಳೆಯ ದರವೇ ನಡೆಯುತ್ತದೆ.