ಸುಮಾಗೆ ಉತ್ತರ

ಸುಮಾ,

ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡ್ದೆ, ನೀಲಿ ಟಿಕ್ ಬಿದ್ದಿದ್ದು ನಿನಗೂ ಕಂಡಿರತ್ತೆ. ಏನು ಬರೀಬೇಕೋ ಗೊತ್ತಾಗದೆ ಫೋನ್ ಮಗುಚಿಟ್ಟು ಅಪ್ಪಂಗೆ ತಿಂಡಿ ಮಾಡೋಕೆ ಹೋದೆ.

ದಸರಾಕ್ಕೆ ಬರ್ತೀನಿ, ನಿಮ್ಮನೆ ಗೊಂಬೆ ನೋಡ್ಬೇಕು ಅಂದಿದ್ದೀಯ. ಈ ಸಲ ಗೊಂಬೆ ಕೂರಿಸ್ತಿಲ್ಲ ಕಣೇ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ, ವರ್ಷಾಬ್ದಿಕ ಆಗೋವರೆಗೂ ನಮ್ಮನೇಲಿ ಹಬ್ಬ ಇಲ್ಲ. ಅಮ್ಮನ ಮದುವೇಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳೂ ಅಟ್ಟದ ಮೇಲಿನ ಟ್ರಂಕಲ್ಲೇ ಇವೆ.

ಇದು ನಿನಗೆ ಹೊಸ ಸುದ್ದಿ ಅನ್ನೋ ಹಾಗೆ ಬರೆಯೋಕೆ ನನಗೆ ಆಗಲ್ಲ. ಕಾಲೇಜು ಗ್ರೂಪಲ್ಲಿ ಹಾಕಿದ್ದೆ, ನೀನು ನೋಡಿದ್ದೂ ತೋರಿಸ್ತಿತ್ತು. ಅದೇ ವಾರ ಅದರ ಕೆಳಗೇ ನೀನು ಇನ್ಯಾರದೋ ಹುಟ್ಟುಹಬ್ಬಕ್ಕೆ ಕೇಕು, ಬಲೂನು ಹಾಕಿದ್ದೆ. ಅದು ಚುಚ್ಚಿತು. ಇದೊಂದನ್ನ ಹೇಳದೆ ಮನೆಗೆ ಬಾ ಅಂತ ಕರೆದಿದ್ರೆ ಕಾಫಿ ಕೊಡ್ತಾ ಮುಖ ಗಂಟು ಹಾಕ್ಕೊಂಡಿರ್ತಿದ್ದೆ. ಮಿಕ್ಕಿದ್ದೂ ಇದೆ, ಬರೀತಾ ಹೋದ್ರೆ ಜಗಳ ಆಗತ್ತೆ. ಜಗಳ ಆಡೋ ಶಕ್ತಿ ಈಗಿಲ್ಲ.

ಸಾವಾದ ಮನೆಗೆ ಏನು ಹೇಳೋದು ಅಂತ ಹಿಂದೆ ಮುಂದೆ ನೋಡ್ತಾ ಇದ್ದುಬಿಟ್ಯೇನೋ, ದಿನ ಕಳೆದಷ್ಟೂ ಫೋನ್ ಮಾಡೋದು ಇನ್ನೂ ಕಷ್ಟ ಆಯ್ತೇನೋ. ಬೇರೆ ಕಾರಣ ಇದ್ರೆ ಎದುರಿಗೆ ಹೇಳು. ಇಲ್ಲಿ ಉದ್ದುದ್ದ ಕ್ಷಮೆ ಮಾತ್ರ ಕೇಳಬೇಡ. ಆಮೇಲೆ 'ಪರವಾಗಿಲ್ಲ ಬಿಡೇ' ಅಂತ ನಿನ್ನ ಸಮಾಧಾನ ಮಾಡೋ ಕೆಲಸವೂ ನನ್ನ ತಲೆ ಮೇಲೇ ಬರತ್ತೆ.

ಅಸ್ಥಿ ಪಶ್ಚಿಮವಾಹಿನೀಲಿ ಬಿಟ್ವಿ. ವೈಕುಂಠ ಸಮಾರಾಧನೆಗೆ ಗ್ರೂಪಿನವರು ಸುಮಾರು ಜನ ಬಂದಿದ್ರು. ಆಸ್ಪತ್ರೆ ವಿಷಯ ಕೇಳಬೇಡ, ಬಂದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಯಾವತ್ತಾದ್ರೂ ನಾನೇ ಹೇಳ್ತೀನಿ, ಹೇಳದೆಯೂ ಇರಬಹುದು.

ಇನ್ನೊಂದು ವಿಷಯ. ಅಪ್ಪ ಆವಾಗಾವಾಗ 'ಪಾಪ, ಸುಮಂಗೆ ಸುದ್ದಿ ಮುಟ್ಟಿಲ್ವೇನೋ' ಅಂತಿರ್ತಾರೆ. ಪರೀಕ್ಷೆ ಟೈಮಲ್ಲಿ ನಮ್ಮನೇಲೇ ಉಳ್ಕೊಂಡು ಓದ್ತಿದ್ಯಲ್ಲ, ಅಮ್ಮ ನಿನಗೆ ಅಂತ ಕೋಡುಬಳೆ ಬೇರೆ ಡಬ್ಬೀಲಿ ಎತ್ತಿಡ್ತಿದ್ರಲ್ಲ, ಅದೆಲ್ಲ ಅವರಿಗೆ ನೆನಪಿದೆ. ನಾನು ಹೂಂ ಅಂತಲೂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಅವರ ಹತ್ರ ಏನು ಹೇಳ್ತೀಯೋ ನೀನೇ ನೋಡ್ಕೋ. ಸುಳ್ಳು ಹೇಳಿದ್ರೆ ನಾನು ಪಕ್ಕದಲ್ಲಿ ಕೂತು ತಲೆ ಆಡಿಸಲ್ಲ, ಅಷ್ಟೇ.

ಜಂಬೂಸವಾರಿ ದಿನ ಬರಬೇಡ, ಆ ಜನದಲ್ಲಿ ಸರಸ್ವತಿಪುರಂವರೆಗೆ ಬರೋದೇ ಕಷ್ಟ. ಅದು ಮುಗಿದ ಮೇಲೆ ಯಾವತ್ತಾದ್ರೂ ನಾಲ್ಕು ಗಂಟೆ ಮೇಲೆ ಬಾ. ಮಧ್ಯಾಹ್ನ ಅಪ್ಪ ಮಲಗಿರ್ತಾರೆ. ಹಣ್ಣು ಹೂವು ಏನೂ ತರಬೇಡ. ನಿನ್ನ ಮದುವೆ ಆಲ್ಬಮ್ಮಲ್ಲಿ ಅಮ್ಮ ನಗ್ತಾ ಇರೋದು ಒಂದಿತ್ತು, ಹಸಿರು ಸೀರೆ ಉಟ್ಟಿದ್ದು. ಅದನ್ನ ತಗೊಂಡು ಬಾ, ಕಾಪಿ ಮಾಡಿಸ್ಕೊಂಡು ವಾಪಸ್ ಕೊಡ್ತೀನಿ.

ವೀಣಾ