ಹಂಪಿ ಟ್ರಿಪ್: ಇವತ್ತಿನ ಕಾಲ್ ಐದೇ ಸಾಲಲ್ಲಿ

1. ಡಿ. 4 ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್. ವಾಪಸ್ 6 ಭಾನುವಾರ ರಾತ್ರಿ. ಒಟ್ಟು 10 ಜನ.
2. ಟಿಕೆಟ್ ಅಣ್ಣ ಮಾಡ್ತಾನೆ, ಅ. 5 ಬೆಳಗ್ಗೆ 8ಕ್ಕೆ. ಹೆಸರು, ವಯಸ್ಸು ಅವನಿಗೆ ಅ. 3ರೊಳಗೆ.
3. ಹೊಸಪೇಟೆಯಲ್ಲಿ 4 ರೂಮು. ಅಜ್ಜಿಗೆ ಕೆಳಗಿನದು. ಚಿಕ್ಕಪ್ಪ ಬುಕ್ ಮಾಡ್ತಾರೆ.
4. ಶನಿವಾರ ವಿಠ್ಠಲ, ಕಮಲ ಮಹಲ್. ಭಾನುವಾರ ವಿರೂಪಾಕ್ಷ. ಅಂಜನಾದ್ರಿ ಬೆಟ್ಟ ಹತ್ತೋರಿಗೆ ಮಾತ್ರ.
5. ದೊಡ್ಡವರಿಗೆ 2,000, ಮಕ್ಕಳಿಗೆ 1,000. ನನಗೆ ಅ. 3ರೊಳಗೆ. ಗಾಡಿ ಇನ್ನೂ ತೀರ್ಮಾನ ಆಗಿಲ್ಲ.

ದೊಡ್ಡಪ್ಪ: ಕನ್ನಡಕ ಇಲ್ಲದೇನೂ ಓದಕ್ಕಾಯ್ತು. ಆದ್ರೆ ಕ್ರಿಸ್‌ಮಸ್ ರಜೆಗೆ ಅಂದಿದ್ರಲ್ಲ?

ನಾನು: ಹೌದು ದೊಡ್ಡಪ್ಪ, ನೀವು ಕಾಲ್ ಬಿಟ್ಟ ಮೇಲೆ ಬದಲಾಯ್ತು. ಆ ವಾರಕ್ಕೆ ರೂಮಿನವರು ಹೆಚ್ಚುಕಡಿಮೆ ಎರಡರಷ್ಟು ಹೇಳಿದ್ರಂತೆ. ಜನವೂ ಜಾಸ್ತಿ. ಮಕ್ಕಳಿಗೆ ಶನಿವಾರ ಒಂದು ದಿನ ಶಾಲೆ ತಪ್ಪುತ್ತೆ, ಅಷ್ಟೇ.

ಚಿಕ್ಕಮ್ಮ: ಅಜ್ಜಿಗೆ ಲೋಯರ್ ಬರ್ತ್ ಗ್ಯಾರಂಟಿನಾ? ಹೋದ ಸಲ ಮಿಡಲ್ ಕೊಟ್ಟು, ರಾತ್ರಿ ಎಲ್ಲರನ್ನೂ ಬೇಡಿಕೊಂಡಿದ್ದು ನೆನಪಿದೆ.

ನಾನು: ಗ್ಯಾರಂಟಿ ಅಂತ ಹೇಳಲ್ಲ. ಆದ್ರೆ ಹೋದ ಸಲ ನಾವು ಮಾಡಿದ್ದೇ ತಪ್ಪು, ಆರು ಜನರ ಟಿಕೆಟ್‌ನಲ್ಲಿ ಅಜ್ಜಿನೂ ಸೇರಿಸಿಬಿಟ್ವಿ. ಹಿರಿಯರ ಲೋಯರ್ ಬರ್ತ್ ಕೋಟಾ ಒಬ್ಬರೇ ಇದ್ರೆ, ಇಲ್ಲಾ ಇಬ್ಬರೇ ಇದ್ರೆ ಮಾತ್ರ. ಗಂಡಸರಿಗೆ 60, ಹೆಂಗಸರಿಗೆ 45 ಆಗಿದ್ರೆ ಸಾಕು. ಅದಕ್ಕೇ ಈ ಸಲ ಮೂರು ಟಿಕೆಟ್: ಅಜ್ಜಿ ಮತ್ತು ನೀವು ಒಂದು, ದೊಡ್ಡಪ್ಪ ದೊಡ್ಡಮ್ಮ ಒಂದು, ಉಳಿದ ಆರು ಜನ ಇನ್ನೊಂದು. ಬೋಗಿ ಬೇರೆ ಬೇರೆ ಬಂದ್ರೂ ಬರಬಹುದು, ಗೊಣಗಬೇಡಿ.

ಚಿಕ್ಕಮ್ಮ: ನನಗೆ 45 ಆಯ್ತು ಅಂತ ಗ್ರೂಪಲ್ಲಿ ಹಾಕಿದ್ದಕ್ಕೆ ಥ್ಯಾಂಕ್ಸ್ ಕಣೇ.

ನಾನು: ಅಯ್ಯೋ. ಉಳಿದವರು ವಯಸ್ಸನ್ನ ಅಣ್ಣನಿಗೆ ಬೇರೆಯಾಗಿ ಕಳಿಸಿ 🙏

ದೊಡ್ಡಪ್ಪ: ಹಿರಿಯರಿಗೆ ರಿಯಾಯಿತಿ ಇರುತ್ತಲ್ವಾ?

ನಾನು: 2020ರ ಮಾರ್ಚ್‌ನಲ್ಲೇ ನಿಲ್ಲಿಸಿದ್ರು ದೊಡ್ಡಪ್ಪ. ಪೂರ್ತಿ ದುಡ್ಡೇ.

ಪುಟ್ಟಿ: ಅಂಜನಾದ್ರಿಗೆ ಎಲ್ಲರೂ ಬರಬೇಕು!!

ನಾನು: ಐನೂರಕ್ಕೂ ಹೆಚ್ಚು ಮೆಟ್ಟಿಲು ಪುಟ್ಟಿ. ಅಜ್ಜಿ ಮಂಡಿ ನೋವಿಗೆ ಮನೆ ಮೆಟ್ಟಿಲಲ್ಲೇ ಎರಡು ಸಲ ನಿಲ್ತಾರೆ. ಭಾನುವಾರ ಬೆಳಗ್ಗೆ ನೀನು, ಅಣ್ಣ, ಭಾವ ಹೋಗಿ ಬನ್ನಿ. ನಾವು ವಿರೂಪಾಕ್ಷ ಗುಡಿಯಲ್ಲಿ ಇರ್ತೀವಿ. ಅಲ್ಲಿ ಆನೆ ಇದೆ, ಅಜ್ಜಿಗೆ ಅಷ್ಟು ಸಾಕು.

ಚಿಕ್ಕಮ್ಮ: ವಿಠ್ಠಲಕ್ಕೂ ನಡೀಬೇಕಲ್ಲ?

ನಾನು: ಗಾಡಿ ನಿಲ್ಲಿಸೋ ಕಡೆಯಿಂದ ಬ್ಯಾಟರಿ ಗಾಡಿ ಓಡಾಡುತ್ತೆ. ಕ್ಯೂ ಮಾತ್ರ ಉದ್ದ. ಅದಕ್ಕೇ ಶನಿವಾರ ರೈಲು ಇಳಿದು, ಸ್ನಾನ ತಿಂಡಿ ಮುಗಿಸಿ ಮೊದಲು ಅಲ್ಲಿಗೇ ಅಂತ ಇಟ್ಟಿದ್ದು. ಮಧ್ಯಾಹ್ನ ಆದ್ರೆ ಆ ಬಿಸಿಲಲ್ಲಿ ನಿಲ್ಲಕ್ಕಾಗಲ್ಲ. ಟಿಕೆಟ್ ಒಬ್ಬರಿಗೆ 40, 15 ವರ್ಷದೊಳಗಿನ ಮಕ್ಕಳಿಗೆ ಫ್ರೀ. ಅದೇ ದಿನ ಅದೇ ಟಿಕೆಟ್ ಕಮಲ ಮಹಲ್‌ಗೂ ಆಗುತ್ತೆ, ಬಿಸಾಕಬೇಡಿ. ಮತ್ತೆ ಪುಟ್ಟಿ, ಸಂಗೀತದ ಕಂಬ ತಟ್ಟೋ ಹಾಗಿಲ್ಲ. ಕಲ್ಲಿನ ರಥ 50 ರೂಪಾಯಿ ನೋಟಲ್ಲಿ ಇರೋದೇ, ನೋಟು ಹಿಡ್ಕೊಂಡು ಫೋಟೋ ತೆಗೆಸ್ಕೋ.

ಭಾವ: ಗಾಡಿ ವಿಷಯ ನಂಗೆ ಬಿಡಿ. ಹೊಸಪೇಟೆಯಿಂದ ಹಂಪಿ 13 ಕಿ.ಮೀ. ಇರಬಹುದು, ಎರಡು ದಿನಕ್ಕೆ ಒಂದು ಟೆಂಪೋ ಟ್ರಾವೆಲರ್ ಸಾಕು. ಬುಧವಾರ ರೇಟು ಹೇಳ್ತೀನಿ.

ನಾನು: ಸರಿ ಭಾವ, ಬುಧವಾರ.

ಅಣ್ಣ: ಒಂದು ನಿಮಿಷ. ಈಗ ನೋಡಿದೆ. ನನ್ನ ಐಆರ್‌ಸಿಟಿಸಿ ಅಕೌಂಟಿಗೆ ಆಧಾರ್ ಜೋಡಿಸಿಲ್ಲ. ಬುಕಿಂಗ್ ತೆರೆದ ಮೊದಲ ದಿನ ನನಗೆ ಆಗಲ್ಲ. ಅಷ್ಟರಲ್ಲಿ ಲೋಯರ್ ಎಲ್ಲಾ ಖಾಲಿ.

ಅತ್ತಿಗೆ: ನಂದು ಜೋಡಿಸಿದೆ. ನಾನೇ ಮಾಡ್ತೀನಿ. ಬರೋ ಟಿಕೆಟ್ ಬುಕಿಂಗ್ 7ಕ್ಕೆ ತಾನೇ ಶುರು?

ನಾನು: ಹೌದು ಅತ್ತಿಗೆ, 60 ದಿನ ಮೊದಲು ಅಂದ್ರೆ ಹೋಗೋದು 5ಕ್ಕೆ, ಬರೋದು 7ಕ್ಕೆ. ಅದನ್ನ ನಾನು ಬರೆಯೋದೇ ಮರೆತೆ. ಎಲ್ಲರೂ ಮೇಲಿನ ಎರಡನೇ ಸಾಲು ಬಿಟ್ಟು ಇದನ್ನ ಓದಿ, ಪಿನ್ ಮಾಡಿದ್ದೀನಿ:

2. ಟಿಕೆಟ್ ಅತ್ತಿಗೆ ಮಾಡ್ತಾರೆ. ಹೋಗೋದು ಅ. 5, ಬರೋದು ಅ. 7, ಎರಡೂ ಬೆಳಗ್ಗೆ 8ಕ್ಕೆ. ಹೆಸರು, ವಯಸ್ಸು ಅತ್ತಿಗೆಗೆ ಅ. 3ರೊಳಗೆ.

ದೊಡ್ಡಪ್ಪ: 👍 ವಯಸ್ಸು 68. ನನಗೇನೂ ಮುಚ್ಚಿಡೋದಿಲ್ಲ.