ನಿಮ್ಮ 4 ಊಟ ಇನ್ನೂ ನಮ್ಮ ಹತ್ರನೇ ಇವೆ

ನಮಸ್ಕಾರ್ರೀ,

ನೀವು ಡಬ್ಬಿ ನಿಲ್ಲಿಸಿ ನಾಲ್ಕು ತಿಂಗಳ ಮೇಲಾಯಿತು. ಮೊನ್ನೆ ಲೆಕ್ಕದ ವಹಿ ತೆಗೆದು ಕೂತಾಗ ನಿಮ್ಮ ಹೆಸರಿನ ಮುಂದೆ 4 ಊಟ ಬಾಕಿ ಕಂಡಿತು. ದುಡ್ಡು ನೀವು ಆಗಲೇ ಕೊಟ್ಟಿದ್ದೀರಿ, ಊಟ ನಾವು ಕೊಟ್ಟಿಲ್ಲ. ಸುಮ್ನೆ ಇರೋದು ಸರಿ ಅನ್ನಿಸಲಿಲ್ಲ.

ಯಾಕೆ ಬಿಟ್ಟಿರಿ ಅನ್ನೋದು ನಮಗೆ ಗೊತ್ತಾಗದ ಮಾತೇನಲ್ಲ. ಆಗ ಒಬ್ಬನೇ ಹುಡುಗ ವಿದ್ಯಾಗಿರಿ ಮುಗಿಸಿ, ನವನಗರದ ಸೆಕ್ಟರ್‌ಗಳನ್ನೆಲ್ಲ ಸುತ್ತಿ ನಿಮ್ಮ ಬಾಗಿಲಿಗೆ ಬರೋ ಹೊತ್ತಿಗೆ ಎರಡು ಗಂಟೆ ದಾಟಿರುತ್ತಿತ್ತು, ರೊಟ್ಟಿ ಡಬ್ಬಿಯೊಳಗೇ ಬೆವತು ಒದ್ದೆಯಾಗಿರುತ್ತಿತ್ತು. ಖಡಕ್ ರೊಟ್ಟಿಯಾದರೆ ತಿಂಗಳು ಬೇಕಾದರೂ ಕಾಯುತ್ತದೆ, ಬಿಸಿ ರೊಟ್ಟಿಗೆ ಆ ಸೈರಣೆ ಇಲ್ಲ ನೋಡಿ.

ಈಗ ಹುಡುಗರು ಇಬ್ಬರು. ವಿದ್ಯಾಗಿರಿಗೆ ಒಬ್ಬ, ನವನಗರಕ್ಕೆ ಒಬ್ಬ, ಮಧ್ಯಾಹ್ನ 1.15ರೊಳಗೆ ಡಬ್ಬಿ ಬರುತ್ತದೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಕಳಿಸುತ್ತೇವೆ. ಬಟ್ಟೆಯನ್ನು ಮರುದಿನ ಖಾಲಿ ಡಬ್ಬಿ ಜೊತೆ ವಾಪಸ್ ಕೊಡಿ, ಸಾಕು.

ಇನ್ನು ಬದನೆಕಾಯಿ. ಬಾಗಲಕೋಟೆಯವರಿಗೂ ಎಣ್ಣೆಗಾಯಿ ಜಾಸ್ತಿ ಆಗಬಹುದು ಅಂತ ನಿಮ್ಮಂಥವರು ಹೇಳಿದ ಮೇಲೇ ನಮಗೆ ತಿಳಿದದ್ದು. ಈಗ ಅದು ಬುಧವಾರ ಮಾತ್ರ. ಬರೋ ಸೋಮವಾರ ಮಡಿಕೆಕಾಳು ಪಲ್ಯ, ಮಂಗಳವಾರ ಝುಣಕ ಮತ್ತು ಮೆಂತ್ಯ ಪಚಡಿ, ಗುರುವಾರ ಪುಂಡಿ ಪಲ್ಯ, ಶುಕ್ರವಾರ ಹೆಸರುಕಾಳು, ಶನಿವಾರ ಊಟದ ಜೊತೆ ಒಂದು ಶೇಂಗಾ ಹೋಳಿಗೆ. ಮೂರು ರೊಟ್ಟಿ, ಅನ್ನ, ಸಾರು, ಮೊಸರು, ಒಂದಿನ ಶೇಂಗಾ ಚಟ್ನಿ ಒಂದಿನ ಗುರೆಳ್ಳು ಚಟ್ನಿ, ಇವು ಮೊದಲಿನ ಹಾಗೇ ದಿನಾ ಇರುತ್ತವೆ.

ಊರಿಗೆ ಹೋಗೋದಿದ್ದರೆ ಹಿಂದಿನ ರಾತ್ರಿ 8ರೊಳಗೆ "ನಾಳೆ ಬೇಡ" ಅಂತ ವಾಟ್ಸಾಪ್ ಮಾಡಿ, ಆ ಊಟ ಮುಂದಕ್ಕೆ ಹೋಗುತ್ತದೆ. ಮೊದಲು ಇದು ಇರಲಿಲ್ಲ, ಅದು ನಮ್ಮದೇ ತಪ್ಪು.

ಮುಚ್ಚಿಡೋದೇಕೆ, ದರ ಏರಿದೆ. ಊಟಕ್ಕೆ 85 ಇದ್ದದ್ದು 90 ರೂಪಾಯಿ ಆಗಿದೆ. ಆದರೆ ಈ ತಿಂಗಳು ಮತ್ತೆ ಶುರು ಮಾಡಿದರೆ ನಿಮಗೆ ಹಳೇ ದರವೇ. ಪೂರ್ತಿ ತಿಂಗಳಿಗೆ ಕಟ್ಟಬೇಕು ಅಂತಿಲ್ಲ, 15 ಊಟಕ್ಕೆ 1,275 ರೂಪಾಯಿ. ಅದೂ ಈಗಲೇ ಬೇಡ, ಮೊದಲು ಬಾಕಿ ಇರೋ ಆ 4 ಊಟ ಮಾಡಿ ನೋಡಿ.

ಈ ಮೇಲ್‌ಗೆ "ಸೋಮವಾರದಿಂದ ಬರಲಿ" ಅಂತ ಶನಿವಾರ ಸಂಜೆಯೊಳಗೆ ಉತ್ತರ ಬರೆದರೆ ಮುಗೀತು. ಮನೆ ಬದಲಾಗಿದ್ದರೆ ಹೊಸ ಸೆಕ್ಟರ್ ನಂಬರ್ ಹಾಕಿ.

ಡಬ್ಬಿ ಬೇಡವೇ ಬೇಡ ಅಂದ್ರೆ "ದುಡ್ಡು ವಾಪಸ್" ಅಂತ ಬರೆಯಿರಿ, 340 ರೂಪಾಯಿ ನಿಮ್ಮ ಫೋನ್‌ಪೇಗೆ ಹಾಕುತ್ತೇವೆ. "ಮೇಲ್ ಬೇಡ" ಅಂದ್ರೆ ಮುಂದೆ ಮೇಲೂ ಕಳಿಸುವುದಿಲ್ಲ.

ಇಂತಿ,
ನವನಗರದ ನಿಮ್ಮ ಡಬ್ಬಿ ಅಡುಗೆಮನೆಯವರು